ಪ್ಯಾಚ್ 0.7.2 ಬಂದ ಮೇಲೆ ರೈಫಲ್ ಸತ್ತೇ ಹೋಗಿದೆ ಅಂತಿದ್ದಾರೆ: ಚೇಂಜ್‌ಲಾಗ್ ಸರಿಯಾಗೇ ಇದೆಯಲ್ಲ?

ರಾಗಿಮುದ್ದೆ_ದೇವ್
ಭಾನುವಾರ ನಮ್ಮ ಶೂಟರ್ ಆಟಕ್ಕೆ ಪ್ಯಾಚ್ ಬಿಟ್ಟೆ. ಅವತ್ತಿಂದ ಆಡುವವರದ್ದೆಲ್ಲ ಒಂದೇ ಮಾತು, ರೈಫಲ್ ಅರ್ಧಕ್ಕೆ ಅರ್ಧ ಬಲ ಕಳೆದುಕೊಂಡಿದೆ ಅಂತ. ನಾನು ಇಳಿಸಿದ್ದು ಬರೀ 15%. ಅದಕ್ಕೆ ಸರಿದೂಗಲಿ ಅಂತ ವೇಗವನ್ನೂ ಏರಿಸಿದ್ದೇನೆ. ಸದ್ದಿನ ಬಗ್ ಸರಿಮಾಡಿದ್ದಕ್ಕೂ ದೂರು ಬರುತ್ತಿದೆ. ಚೇಂಜ್‌ಲಾಗ್ ಇದು:

> ರೈಫಲ್ ಡ್ಯಾಮೇಜ್ 15% ಕಡಿಮೆ ಮಾಡಲಾಗಿದೆ.
> ರೈಫಲ್ ಫೈರ್ ರೇಟ್ ನಿಮಿಷಕ್ಕೆ 600ರಿಂದ 700ಕ್ಕೆ ಏರಿಸಲಾಗಿದೆ.
> ಒಂದೇ ಸಮನೆ ಗುಂಡು ಹಾರಿಸುವಾಗ ಸದ್ದು ತುಂಡಾಗುತ್ತಿದ್ದ ಬಗ್ ಸರಿಪಡಿಸಲಾಗಿದೆ.

ಇದರಲ್ಲಿ ಅರ್ಥವಾಗದೇ ಇರೋದು ಏನಿದೆ? ಇನ್ನು ಹೇಗೆ ಬರೆಯಬೇಕು ಹೇಳಿ.

ಸದ್ದುಗಾರ
ಗುಂಡಿನ ಸದ್ದು OGG ಫೈಲಾ? ಹಾಗಿದ್ದರೆ ಅಲ್ಲೇ ತೊಂದರೆ. ಚಿಕ್ಕ ಸದ್ದುಗಳಿಗೆ WAV ಹಾಕಬೇಕು. ಸದ್ದು ಮೆತ್ತಗಾದರೆ ಬಂದೂಕೂ ಮೆತ್ತಗಿದೆ ಅಂತಲೇ ಅನಿಸುತ್ತದೆ. ಡ್ಯಾಮೇಜ್ ಮುಟ್ಟಬೇಡಿ, ಮೊದಲು ಫೈಲ್ ಬದಲಾಯಿಸಿ.

ಹಂಪಿನಗರ_ವಿನು
ನನಗೂ ಇದೇ ಸಮಸ್ಯೆ ಇತ್ತು ಬ್ರೋ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಗುಂಡು ಹೊಡೆದು ಎಷ್ಟೋ ಹೊತ್ತಿಗೆ ಸದ್ದು ಬರುತ್ತಿತ್ತು. ವೈರ್ ಇರೋದು ತಗೊಂಡೆ, ಸರಿಹೋಯ್ತು.

ರಾಗಿಮುದ್ದೆ_ದೇವ್
ವಿನು, ಇಲ್ಲಿ ಸದ್ದು ತಡವಾಗುತ್ತಿಲ್ಲ. ಸದ್ದುಗಾರ ಅವರೇ, ಫೈಲ್ WAV ಆಗಿಯೇ ಇದೆ.

ಸದ್ದುಗಾರ
ಹಾಗಾದರೆ ಸ್ಯಾಂಪಲ್ ರೇಟ್ ನೋಡಿ. 44,100 ಇದೆಯೋ 48,000 ಇದೆಯೋ? ನಾನು ಎಲ್ಲವನ್ನೂ 48,000ಕ್ಕೇ ಇಟ್ಟಿದ್ದೇನೆ. ನನ್ನ ಹತ್ತಿರ ಸ್ಟುಡಿಯೋ ಮಾನಿಟರ್ ಜೋಡಿ ಇದೆ, ಹೊರಗಿನ ಸೌಂಡ್ ಕಾರ್ಡ್ ಇದೆ. ಸಣ್ಣ ವ್ಯತ್ಯಾಸವೂ ಗೊತ್ತಾಗುತ್ತದೆ.

ಸುಮಾ_ಪಿ
ಸ್ಯಾಂಪಲ್ ರೇಟ್ ಬದಲಾದ ಮಾತ್ರಕ್ಕೆ ಬಂದೂಕು ಮೆತ್ತಗೆ ಕೇಳಿಸಲ್ಲ. ದೇವ್, ಮುಖ್ಯವಾದ ಸಂಖ್ಯೆಗಳನ್ನೇ ನೀವು ಕೊಟ್ಟಿಲ್ಲ. ಆಟಗಾರರ ಹೆಲ್ತ್ ಎಷ್ಟು? ಡ್ಯಾಮೇಜ್ ಎಷ್ಟಿತ್ತು, ಎಷ್ಟಾಯಿತು? ಯಾವ ಎಂಜಿನ್? ಸದ್ದಿನ ಬಗ್ ಹೇಗೆ ಸರಿಮಾಡಿದಿರಿ? ಗುಂಡು ಹಾರಿಸುವ ಕೋಡ್ ಕೂಡ ಹಾಕಿ.

ರಾಗಿಮುದ್ದೆ_ದೇವ್
ಹೆಲ್ತ್ 100. ಡ್ಯಾಮೇಜ್ 34 ಇದ್ದದ್ದು 29 ಆಗಿದೆ, ತಲೆಗೆ ಬಿದ್ದರೆ ಎರಡರಷ್ಟು. ಗೋಡೊ 4, ಫಿಸಿಕ್ಸ್ ಟಿಕ್ 60. `max_polyphony` 1 ಇತ್ತು, 32 ಮಾಡಿದೆ. ಆಮೇಲೆ ಸದ್ದು ಒಡೆಯತೊಡಗಿತು, ಅದಕ್ಕೆ ಮಾಸ್ಟರ್ ಬಸ್‌ಗೆ ಲಿಮಿಟರ್ ಹಾಕಿದೆ. ಕೋಡ್ `_physics_process` ಒಳಗಿದೆ:

```gdscript
cooldown -= delta
if firing and cooldown <= 0.0:
    shoot()
    cooldown = 60.0 / rpm
```

ಸುಮಾ_ಪಿ
ಈಗ ದಾರಿಗೆ ಬಂತು. ಆಡುವವರು ಹೇಳುತ್ತಿರುವುದು ನಿಜ.

34ರಂತೆ 3 ಗುಂಡು ಬಿದ್ದರೆ 102, ಆಳು ಬಿದ್ದ. 29ರಂತೆ 3 ಬಿದ್ದರೆ 87, ಇನ್ನೂ ನಿಂತಿರುತ್ತಾನೆ. ನಾಲ್ಕನೆಯದು ಬೇಕೇ ಬೇಕು. ಮೊದಲ ಗುಂಡಿಗೆ ಕಾಯಬೇಕಿಲ್ಲ, ಹಾಗಾಗಿ 3 ಗುಂಡಿಗೆ 2 ಅಂತರ, 4 ಗುಂಡಿಗೆ 3 ಅಂತರ. ನಿಮಿಷಕ್ಕೆ 600 ಅಂದರೆ ಒಂದು ಅಂತರ 0.1 ಸೆಕೆಂಡ್. 0.2 ಸೆಕೆಂಡಿನಲ್ಲಿ ಮುಗಿಯುತ್ತಿದ್ದದ್ದು 0.3 ಆಯಿತು. ನಿಮ್ಮ 15% ಆಡುವವರ ಕೈಯಲ್ಲಿ 50% ಆಗಿದೆ.

ರಾಗಿಮುದ್ದೆ_ದೇವ್
ಆದರೆ ವೇಗ 700 ಮಾಡಿದ್ದೇನಲ್ಲ ಮೇಡಂ? 0.3 ಹೇಗಾಗುತ್ತದೆ?

ಸುಮಾ_ಪಿ
ಫೈಲ್‌ನಲ್ಲಿ 700 ಇದೆ, ಆಟದಲ್ಲಿ ಇಲ್ಲ. 700 ಅಂದರೆ ಗುಂಡಿಗೆ 85.7 ಮಿಲಿಸೆಕೆಂಡ್. ಒಂದು ಟಿಕ್ 16.7. ಐದು ಟಿಕ್ ಕಳೆದಾಗ 83.3 ಆಗಿರುತ್ತದೆ, ಇನ್ನೂ ಚೂರು ಬಾಕಿ. ಆ ಚೂರಿಗಾಗಿ ಪೂರ್ತಿ ಆರನೆಯ ಟಿಕ್ ಕಾಯುತ್ತೀರಿ. ಆರು ಟಿಕ್ ಅಂದರೆ 100 ಮಿಲಿಸೆಕೆಂಡ್, ಅಂದರೆ ಮತ್ತೆ ಅದೇ 600. ಹೆಚ್ಚುವರಿ ಕಾದ ಸಮಯವನ್ನು `cooldown =` ಪ್ರತಿ ಸಲ ಅಳಿಸಿಹಾಕುತ್ತದೆ. ಅದನ್ನು ಮುಂದಿನ ಗುಂಡಿಗೆ ಒಯ್ಯಬೇಕು:

```gdscript
cooldown -= delta
if not firing:
    cooldown = max(cooldown, 0.0)
elif cooldown <= 0.0:
    shoot()
    cooldown += 60.0 / rpm
```

ಮಧ್ಯದ ಸಾಲು ಬಿಡಬೇಡಿ. ಬಿಟ್ಟರೆ, ಸುಮ್ನೆ ನಿಂತಿದ್ದವನು ಟ್ರಿಗರ್ ಒತ್ತಿದ ಕೂಡಲೇ ಟಿಕ್‌ಗೊಂದರಂತೆ ಗುಂಡು ಸುರಿಯುತ್ತದೆ.

ಹೀಗೆ ಮಾಡಿದರೂ 700ಕ್ಕೆ ಒಮ್ಮೆ ಐದು ಟಿಕ್, ಒಮ್ಮೆ ಆರು ಟಿಕ್ ಅಂತರ ಬರುತ್ತದೆ. ಸದ್ದಿನ ಲಯ ತಪ್ಪಿದಂತೆ ಕೇಳಬಹುದು. ನಾನಾದರೆ 720 ಇಡುತ್ತೇನೆ, ಅದು ಸರಿಯಾಗಿ ಐದು ಟಿಕ್. ಆಗ 4 ಗುಂಡಿಗೆ 0.25 ಸೆಕೆಂಡ್.

ಸದ್ದುಗಾರ
ಟಿಕ್ 120 ಮಾಡಿದರೆ ಮುಗೀತು. 60ರಲ್ಲಿ ಯಾರು ಆಡುತ್ತಾರೆ ಈಗ? ನನ್ನ ಮಾನಿಟರ್ 165 ಹರ್ಟ್ಸ್.

ಸುಮಾ_ಪಿ
ಮಾನಿಟರ್‌ಗೂ ಫಿಸಿಕ್ಸ್ ಟಿಕ್‌ಗೂ ಸಂಬಂಧವಿಲ್ಲ. 120 ಮಾಡಿದರೆ 700ಕ್ಕೆ 11 ಟಿಕ್ ಬೇಕು, ಅಂದರೆ ಸುಮಾರು 655. ಹತ್ತಿರ ಬಂತು, ಸರಿಯಾಗಲಿಲ್ಲ. ಜೊತೆಗೆ ಹಳೆಯ ಲ್ಯಾಪ್‌ಟಾಪ್‌ನವರಿಗೆ ಕಷ್ಟ.

ಸದ್ದಿನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದರಲ್ಲಿ ಅರ್ಧ ನಿಜವಿದೆ. ದೇವ್, ಗುಂಡಿನ ಸದ್ದಿನ ಫೈಲ್ ಎಷ್ಟು ಉದ್ದ?

ರಾಗಿಮುದ್ದೆ_ದೇವ್
0.6 ಸೆಕೆಂಡ್.

ಸುಮಾ_ಪಿ
720ರಲ್ಲಿ 0.6 ಸೆಕೆಂಡಿಗೆ ಏಳು ಚಿಲ್ಲರೆ ಗುಂಡು. `max_polyphony` 8 ಇದ್ದರೆ ಸಾಕು. 1 ಇದ್ದಾಗ ಹೊಸ ಗುಂಡು ಹಳೆಯದರ ಬಾಲ ಕತ್ತರಿಸುತ್ತಿತ್ತು, ಅದೇ ನಿಮ್ಮ ಹಳೆಯ ಬಗ್. ಈಗ ಬಾಲಗಳೆಲ್ಲ ಒಂದರ ಮೇಲೊಂದು ಸೇರಿ ಮಾಸ್ಟರ್‌ನ ಲಿಮಿಟರ್‌ಗೆ ತಾಗುತ್ತವೆ. ಅದು ಬಂದೂಕಿನ ಜೊತೆ ಹೆಜ್ಜೆ ಸದ್ದನ್ನೂ ಅದುಮುತ್ತದೆ. ಗುಂಡು ಹಾರಿಸುವಾಗ ಹೆಜ್ಜೆ ಕೇಳಲ್ಲ ಅಂತ ಯಾರಾದರೂ ಹೇಳಿದ್ದಾರಾ?

ಗುರಿಕಾರ
ನಾನೇ ಹೇಳಿದ್ದು! ಈ ಆಟ ದಿನಾ ಆಡ್ತೀನಿ. ಸ್ಪ್ರೇ ಮಾಡುವಾಗ ಹಿಂದಿನಿಂದ ಬರುವವನ ಹೆಜ್ಜೆ ಪೂರ್ತಿ ಮಾಯ. ಬಿಟ್ಟ ತಕ್ಷಣ ವಾಪಸ್ ಬರುತ್ತೆ.

ಇನ್ನೊಂದು ಇದೆ, ಯಾರೂ ಹೇಳಿಲ್ಲ. ಮೊದಲು ತಲೆಗೊಂದು ಮೈಗೊಂದು ಹೊಡೆದರೆ ಆಳು ಬೀಳುತ್ತಿದ್ದ. ಈಗ ಬೀಳಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಉರಿದದ್ದು ಅದೇ.

ಸುಮಾ_ಪಿ
ಸರಿಯಾಗಿ ಹಿಡಿದಿರಿ. 68 ಮತ್ತು 34 ಸೇರಿ 102 ಇತ್ತು. ಈಗ 58 ಮತ್ತು 29, ಅದೇ 87. ಇದೂ ಚೇಂಜ್‌ಲಾಗ್‌ಗೆ ಬರಬೇಕು.

ದೇವ್, ಬಂದೂಕುಗಳಿಗೆ ಬೇರೆ ಬಸ್ ಮಾಡಿ. ಲಿಮಿಟರ್ ಅಲ್ಲಿಗೆ ಹಾಕಿ, ಅದನ್ನು ಮಾಸ್ಟರ್‌ಗೆ ಕಳಿಸಿ. ಹೆಜ್ಜೆ ಸದ್ದು ಇನ್ನೊಂದು ಬಸ್‌ನಲ್ಲಿರಲಿ. ಹಾರಿಸುತ್ತಲೇ ಪಕ್ಕದಲ್ಲಿ ಯಾರನ್ನಾದರೂ ಓಡಿಸಿ ನೋಡಿ, ಕೂಡಲೇ ಗೊತ್ತಾಗುತ್ತದೆ.

ರಾಗಿಮುದ್ದೆ_ದೇವ್
ಮಾಡಿದೆ. ಹೆಜ್ಜೆ ಕೇಳುತ್ತಿದೆ. ವೇಗವೂ ಎಣಿಸಿ ನೋಡಿದೆ, 720 ಬರುತ್ತಿದೆ. 0.7.3ಕ್ಕೆ ಹೀಗೆ ಬರೆದಿದ್ದೇನೆ:

> ರೈಫಲ್: ಪೂರ್ತಿ ಹೆಲ್ತ್ ಇರುವವರನ್ನು ಬೀಳಿಸಲು ಮೈಗೆ 3 ಗುಂಡು ಸಾಕಿತ್ತು, 0.7.2ರಿಂದ 4 ಬೇಕು. ತಲೆಗೊಂದು ಮೈಗೊಂದು ಹೊಡೆದರೆ ಈಗ 13 ಹೆಲ್ತ್ ಉಳಿಯುತ್ತದೆ. ಹತ್ತಿರದ ಹೊಡೆದಾಟದಲ್ಲಿ ಶಾಟ್‌ಗನ್‌ಗೂ ಅವಕಾಶ ಸಿಗಲಿ ಎಂದು ಈ ಬದಲಾವಣೆ.
> 0.7.2ರಲ್ಲಿ ಹೇಳಿದ ಹೆಚ್ಚಿನ ವೇಗ ಆಟದಲ್ಲಿ ಬಂದಿರಲಿಲ್ಲ. ಈಗ ನಿಮಿಷಕ್ಕೆ 720. ನಾಲ್ಕು ಗುಂಡಿಗೆ 0.30 ಸೆಕೆಂಡ್ ಹಿಡಿಯುತ್ತಿದ್ದದ್ದು 0.25ಕ್ಕೆ ಇಳಿದಿದೆ.
> ಸದ್ದು: ಗುಂಡು ಹಾರಿಸುವಾಗ ಹೆಜ್ಜೆ ಸದ್ದು ಅಡಗುತ್ತಿದ್ದದ್ದು ಸರಿಯಾಗಿದೆ.

ಗುರಿಕಾರ
ಇದು ಅರ್ಥವಾಗುತ್ತೆ. ಆದರೆ ವೇಗ ಜಾಸ್ತಿಯಾದರೆ ರಿಕಾಯ್ಲ್ ಕೂಡ ಬೇಗ ಮೇಲೇರುತ್ತೆ ಅಲ್ವಾ? ನಾಲ್ಕನೇ ಗುಂಡು ತಲೆ ಮೇಲಿಂದ ಹೋದರೆ 0.25 ಇದ್ದೂ ಏನು ಪ್ರಯೋಜನ? 29ರ ಬದಲು 33 ಇಡಿ.

ಸುಮಾ_ಪಿ
33 ಇಟ್ಟರೂ ಮೂರಕ್ಕೆ 99, ಒಂದು ಹೆಲ್ತ್ ಉಳಿಯುತ್ತದೆ. ತಲೆಗೊಂದು ಮೈಗೊಂದೂ 99. ಪೂರ್ತಿ ಹೆಲ್ತ್ ಇರುವವನಿಗೆ 29 ಆದರೂ 33 ಆದರೂ ಒಂದೇ ಲೆಕ್ಕ. ಮೊದಲೇ ಪೆಟ್ಟು ತಿಂದವನಿಗೆ ಮಾತ್ರ ವ್ಯತ್ಯಾಸ.

ಗುರಿಕಾರ
ಗ್ರೆನೇಡ್ ಬಿದ್ದ ಮೇಲೆ ಪೂರ್ತಿ ಹೆಲ್ತ್ ಇರುವವರು ಎಷ್ಟು ಜನ ಸಿಗ್ತಾರೆ ಮೇಡಂ? ನಮ್ಮ ಮ್ಯಾಚ್‌ಗಳಲ್ಲಿ ಹೆಚ್ಚಿನ ಕಾಳಗ ಆಗೋದೇ ಆಗ.

ರಾಗಿಮುದ್ದೆ_ದೇವ್
33 ಮಾಡಿದರೆ ಶಾಟ್‌ಗನ್‌ನವರು ಮತ್ತೆ ಬರುತ್ತಾರೆ. ರಿಕಾಯ್ಲ್ ವಿಷಯಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಅದರ ಕೋಡ್ ಅಲ್ಲೇ ಹಾಕುತ್ತೇನೆ.

ಹಂಪಿನಗರ_ವಿನು
ವೈರ್ ಹೆಡ್‌ಸೆಟ್ ಯಾವುದು ತಗೋಬೇಕು ಅಂತ ಯಾರಿಗಾದರೂ ಬೇಕಿದ್ದರೆ ಮೆಸೇಜ್ ಮಾಡಿ.