ಪದ ಬೇಕು: ಮೂರು ಸಮತಲ, ಯಾವವೂ ಸಮಾಂತರ ಅಲ್ಲ, ಆದರೂ ಪರಿಹಾರ ಇಲ್ಲ

ಗಿರಿಜಾ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಫ್ಲೆಕ್ಸ್ ಅಂಗಡಿಗೆ ಮಜಕೂರು ಕೊಡಬೇಕು. ನಮ್ಮ ಪಿಯುಸಿ ಮಕ್ಕಳು ವಸ್ತುಪ್ರದರ್ಶನಕ್ಕೆ ರಟ್ಟಿನಲ್ಲಿ ಎರಡು ಮಾದರಿ ಮಾಡಿದ್ದಾರೆ. ಒಂದೊಂದರಲ್ಲೂ ಮೂರು ರಟ್ಟು, ಸೀಳು ಹಾಕಿ ಒಂದರೊಳಗೊಂದು ಸಿಕ್ಕಿಸಿದ್ದು. ಒಂದೊಂದು ಸಮೀಕರಣಕ್ಕೆ ಒಂದೊಂದು ರಟ್ಟು. ಮೊದಲ ಮಾದರಿ ಇದು:

x + y + z = 6
x − y + z = 2
2x + 2z = 8

ಇದರಲ್ಲಿ ಮೂರೂ ರಟ್ಟು ಒಂದೇ ಗೆರೆಯಲ್ಲಿ ಸೇರುತ್ತವೆ, ತೆರೆದಿಟ್ಟ ಪುಸ್ತಕದ ಬೆನ್ನಿನ ಹಾಗೆ. ಎರಡನೆಯ ಮಾದರಿಯಲ್ಲಿ ಕೊನೆಯ 8 ಮಾತ್ರ 10 ಆಗಿದೆ. ಈಗ ಮೂರೂ ಸೇರುವ ಒಂದು ಚುಕ್ಕೆಯೂ ಇಲ್ಲ. ಇವೆರಡಕ್ಕೂ ಕನ್ನಡದಲ್ಲಿ ಏನು ಹೆಸರು ಬರೆಯಲಿ? "ಸ್ಥಿರ", "ಅಸ್ಥಿರ" ಅಂತ ಬರೆದು ನೋಡಿದೆ. ಒಬ್ಬ ಹುಡುಗ "ಮೇಡಂ, ಅಸ್ಥಿರ ಅಂದ್ರೆ ಬೀಳ್ತದೇನ್ರಿ?" ಅಂತ ರಟ್ಟನ್ನು ಅಲ್ಲಾಡಿಸಿದ.

ಬಸವರಾಜ, ಮುಧೋಳ

ಮೇಡಂ, ಇದರಲ್ಲಿ ತಲೆ ಕೆಡಿಸಿಕೊಳ್ಳೋದೇನಿದೆ? ಪರಿಹಾರ ಇಲ್ಲ ಅಂದ್ರೆ ಸಮಾಂತರ. ಒಂದು ಪರಿಹಾರ ಇದ್ದರೆ ಛೇದಿಸುತ್ತವೆ. ಅನಂತ ಇದ್ದರೆ ಐಕ್ಯ. ಹತ್ತನೇ ಕ್ಲಾಸಿನಲ್ಲೇ ಈ ಮೂರು ಪದ ಇವೆ. "ಸಮಾಂತರ ಸಮತಲಗಳು" ಅಂತ ಬರೆದುಬಿಡಿ, ಮುಗೀತು.

ಮಲ್ಲಣ್ಣ, ವಿಜಯಪುರ

ಮೊದಲಿಗೆ, "ಮಜಕೂರು" ಎಂಬುದು ಕನ್ನಡವಲ್ಲ. ಎರಡನೆಯದಾಗಿ "ಛೇದಿಸು" ಯಾಕೆ ಬೇಕು? ನಮ್ಮ ಹತ್ತಿರ "ಕೂಡು" ಇದೆ. ಕೂಡುವ ಹಾಳೆಗಳು, ಕೂಡದ ಹಾಳೆಗಳು. ಕೂಡಲಸಂಗಮವನ್ನೇ ನೋಡಿ, "ಕೂಡಲ" ಅಂದರೇನೇ ನದಿ ಸೇರುವ ಜಾಗ. ಅದು ತಿಳಿಯದವರಿಗಾಗಿ ಹಿಂದೆ "ಸಂಗಮ" ಅಂಟಿಸಿಕೊಂಡಿದ್ದೇವೆ. ಒಂದೇ ಮಾತನ್ನು ಎರಡು ಸಲ ಹೇಳುವ ಈ ಚಟ ಗಣಿತಕ್ಕೂ ಬಂದಿದೆ. "ಸಮತಲ" ಬೇಡ, "ಹಾಳೆ" ಸಾಕು.

ಸರೋಜಾ, ಬೆಳಗಾವಿ

ಬಸವರಾಜ, ನಿಮ್ಮ ಮಾತು ಗೆರೆಗಳಿಗೆ ಸರಿ, ಅದೂ ಕಾಗದದ ಮೇಲಿನ ಎರಡೇ ಗೆರೆಗಳಿಗೆ. ಗಿರಿಜಾ ಅವರ ಎರಡನೆಯ ಮಾದರಿಯಲ್ಲಿ ಯಾವ ಎರಡು ರಟ್ಟೂ ಸಮಾಂತರ ಇಲ್ಲ. ಲೆಕ್ಕ ಹಾಕಿ ನೋಡಿ. ಮೊದಲನೆಯದನ್ನೂ ಎರಡನೆಯದನ್ನೂ ಕೂಡಿಸಿದರೆ x + z = 4 ಬರುತ್ತದೆ, ಕಳೆದರೆ y = 2. ಅಂದರೆ ಅವೆರಡೂ ಒಂದು ಗೆರೆಯಲ್ಲಿ ಸೇರಿವೆ. ಮೂರನೆಯದು x + z = 5 ಅನ್ನುತ್ತದೆ. ಅದು ಮೊದಲನೆಯದನ್ನು y = 1 ಇರುವಲ್ಲಿ ಸೇರುತ್ತದೆ, ಎರಡನೆಯದನ್ನು y = 3 ಇರುವಲ್ಲಿ. ಎರಡೆರಡಾಗಿ ಎಲ್ಲವೂ ಸೇರುತ್ತವೆ. ಮೂರೂ ಒಟ್ಟಿಗೆ ಸೇರುವುದಿಲ್ಲ, ಅಷ್ಟೇ.

ಸಮಾಂತರ ಆಗಿರುವುದು ರಟ್ಟುಗಳಲ್ಲ, ರಟ್ಟುಗಳು ಸೇರುವ ಆ ಮೂರು ಗೆರೆಗಳು. ಜಾತ್ರೆಯಲ್ಲಿ ಹಾಕುವ ಗುಡಾರ ನೆನೆಸಿಕೊಳ್ಳಿ. ಎರಡು ಇಳಿಜಾರು ಬಟ್ಟೆ, ಕೆಳಗೆ ಚಾಪೆ. ಮೇಲಿನ ಗಳ ಒಂದು ಗೆರೆ, ಚಾಪೆಯ ಎರಡು ಅಂಚು ಇನ್ನೆರಡು ಗೆರೆ. ಮೂರೂ ಒಂದೇ ದಿಕ್ಕಿಗೆ ಓಡುತ್ತವೆ, ಎಂದೂ ಸೇರುವುದಿಲ್ಲ. ಅದರ ಮೇಲೆ "ಸಮಾಂತರ ಸಮತಲಗಳು" ಅಂತ ಫ್ಲೆಕ್ಸ್ ಹಾಕಿದರೆ ಬಂದು ನೋಡಿದ ಮಗುವೇ ತಪ್ಪು ಹಿಡಿಯುತ್ತದೆ.

ಮಲ್ಲಣ್ಣ, ವಿಜಯಪುರ

ಗುಡಾರ ಚೆನ್ನಾಗಿದೆ. "ಕೂಡು" ಬಗ್ಗೆ ಉತ್ತರ ಬರಲಿಲ್ಲ.

ಸರೋಜಾ, ಬೆಳಗಾವಿ

ಬಂತು ತಗೊಳ್ಳಿ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡಿದ ಮೇಲೆ ಮುಂದೆ ಹರಿಯುವುದು ಒಂದೇ ಹೊಳೆ. ಗೆರೆಗಳು ಹಾಗಲ್ಲ. ಒಂದು ಚುಕ್ಕೆಯಲ್ಲಿ ಹಾಯ್ದು ಮತ್ತೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಕೂಡಿ ಒಂದಾಗುವುದು ಬಸವರಾಜ ಹೇಳಿದ "ಐಕ್ಯ"ಕ್ಕೆ ಹತ್ತಿರ. ಒಂದೇ ಪದ ಎರಡು ಕಡೆ ಬಳಸಿದರೆ ಮಕ್ಕಳು ಎಲ್ಲಿಗೆ ಹೋಗಬೇಕು?

ಮಲ್ಲಣ್ಣ, ವಿಜಯಪುರ

ನಾಲ್ಕು ದಾರಿ ಕೂಡುವ ಜಾಗ ಅನ್ನಲ್ವಾ ನಾವು? ದಾರಿಗಳು ಅಲ್ಲಿಗೇ ಮುಗಿದುಹೋಗುತ್ತವೆಯೆ? ಸಂಸ್ಕೃತ ಕಲಿತವರಿಗೆ ಕನ್ನಡದ ಪದ ಯಾವಾಗಲೂ ಸಡಿಲ ಕಾಣುತ್ತದೆ.

ಶಾಂತಾ, ಇಂಡಿ

ನಂಗೆ ಅರ್ಥವಾದ ಮಟ್ಟಿಗೆ ಇದು ಲೆಕ್ಕ ತಾಳೆ ಆಗದ್ದರ ಬಗ್ಗೆ ಅಲ್ವಾ? ನನಗೂ ಹೋದ ತಿಂಗಳು ಹೀಗೇ ಆಯ್ತು. ಒಂದು ಅಂಗಡಿಯಲ್ಲಿ 2 ಕೆಜಿ ಸಕ್ಕರೆ, 1 ಕೆಜಿ ಬೇಳೆಗೆ 220 ರೂಪಾಯಿ ತಗೊಂಡರು. ಮರುದಿನ ಮನೆಗೆ ನೆಂಟರು ಬಂದರು ಅಂತ 4 ಕೆಜಿ ಸಕ್ಕರೆ, 2 ಕೆಜಿ ಬೇಳೆ ತಂದೆ. 460 ಅಂದರು. ರೇಟು ಅದೇ ಅಂತ ಆಣೆ ಮಾಡಿ ಹೇಳಿದರು. ಇದಕ್ಕೆ ನಮ್ಮಲ್ಲಿ ಸಮೀಕರಣ ಅನ್ನಲ್ಲ, ಮೋಸ ಅನ್ನುತ್ತೇವೆ.

ಸರೋಜಾ, ಬೆಳಗಾವಿ

ಶಾಂತಕ್ಕಾ, ನಿಮ್ಮ ಚೀಟಿಗಳೇ ಬಸವರಾಜನ ಸಮಾಂತರ ಗೆರೆಗಳು. ಸಕ್ಕರೆ ರೇಟು ಅಡ್ಡಕ್ಕೆ, ಬೇಳೆ ರೇಟು ಉದ್ದಕ್ಕೆ ಹಾಕಿ ಗೆರೆ ಎಳೆದರೆ ಎರಡೂ ಪಕ್ಕಪಕ್ಕದಲ್ಲೇ ಹೋಗುತ್ತವೆ. ಎರಡೂ ಚೀಟಿಗೆ ಒಪ್ಪುವ ರೇಟು ಜಗತ್ತಿನಲ್ಲಿಲ್ಲ. ಅವರು 440 ತಗೊಂಡಿದ್ದರೆ ಮೋಸ ಇರುತ್ತಿರಲಿಲ್ಲ, ಆದರೆ ಎರಡನೆಯ ಚೀಟಿಯಿಂದ ನಿಮಗೆ ಹೊಸದೇನೂ ತಿಳಿಯುತ್ತಿರಲಿಲ್ಲ. ಒಂದೇ ಗೆರೆಯ ಮೇಲೆ ಇನ್ನೊಂದು ಸಲ ಪೆನ್ನು ಆಡಿಸಿದ ಹಾಗೆ.

ಬಸವರಾಜ, ಮುಧೋಳ

ಆಗ ಅನಂತ ಪರಿಹಾರ. ಅಂದರೆ ಸಕ್ಕರೆ, ಬೇಳೆ ಯಾವ ರೇಟಾದರೂ ಸರಿ.

ಸರೋಜಾ, ಬೆಳಗಾವಿ

ಯಾವ ರೇಟಾದರೂ ಅಲ್ಲ! ಸಕ್ಕರೆ 45 ಇದ್ದರೆ ಬೇಳೆ 130 ಇರಲೇಬೇಕು. ಸಕ್ಕರೆ 40 ಆದರೆ ಬೇಳೆ 140. ಒಂದನ್ನು ಹಿಡಿದರೆ ಇನ್ನೊಂದು ತಾನೇ ಬಂದು ಕೂರುತ್ತದೆ. ಗಿರಿಜಾ ಅವರ ಮೊದಲ ಮಾದರಿಯೂ ಹೀಗೇ. x = 1, y = 2, z = 3 ಒಪ್ಪುತ್ತದೆ. 0, 2, 4 ಕೂಡ ಒಪ್ಪುತ್ತದೆ. 1, 1, 1 ಒಪ್ಪುವುದಿಲ್ಲ. ಅಲ್ಲಿ y ಅಂತೂ 2 ಬಿಟ್ಟು ಕದಲುವುದೇ ಇಲ್ಲ. ಗೆರೆ ಎಷ್ಟೇ ಉದ್ದ ಇರಲಿ, ಅದು ಗೆರೆಯೇ. ಇಡೀ ಊರಲ್ಲ.

ದಸ್ತಗೀರ್, ಗೋಕಾಕ

ಎಲ್ಲರಿಗೂ ನಮಸ್ಕಾರ. ನಾನು ಸರ್ವೆ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವನು. ಸಮತಲ, ಅಂದರೆ ಇಂಗ್ಲಿಷಿನ "ಪ್ಲೇನ್", ಅಂದ ಕೂಡಲೇ ನನಗೆ ಪ್ಲೇನ್ ಟೇಬಲ್ ನೆನಪಾಯಿತು, ತಪ್ಪು ತಿಳಿಯಬೇಡಿ. ಬಯಲಲ್ಲಿ ಹಲಗೆ ಇಟ್ಟು ನಾವು ನಿಂತ ಜಾಗ ಎಲ್ಲಿ ಅಂತ ಕಂಡುಕೊಳ್ಳಲು ದೂರದ ಮೂರು ಗುರುತು ಹಿಡಿಯುತ್ತಿದ್ದೆವು. ಗುಡಿಯ ಶಿಖರ, ಮಸೀದಿಯ ಮಿನಾರು, ಗುಡ್ಡದ ಕಲ್ಲು. ಅವುಗಳಿಂದ ಹಲಗೆಯ ಮೇಲೆ ಮೂರು ಗೆರೆ ಎಳೆದರೆ ಒಂದೇ ಚುಕ್ಕೆಯಲ್ಲಿ ಸೇರಬೇಕು. ಹಲಗೆ ಒಂದಿಷ್ಟು ತಿರುಗಿದ್ದರೂ ಸೇರುವುದಿಲ್ಲ. ನಡುವೆ ಸಣ್ಣ ಮೂರು ಮೂಲೆ ಉಳಿಯುತ್ತದೆ. ಅದಕ್ಕೆ ತಪ್ಪಿನ ತ್ರಿಕೋನ ಅನ್ನುತ್ತಿದ್ದೆವು. ಹಲಗೆಯನ್ನು ಸ್ವಲ್ಪಸ್ವಲ್ಪ ತಿರುಗಿಸುತ್ತಾ ಹೋದರೆ ಆ ತ್ರಿಕೋನ ಸಣ್ಣದಾಗಿ ಚುಕ್ಕೆ ಆಗುತ್ತದೆ.

ಮೇಡಂ ಅವರೆ, ನಿಮ್ಮ ರಟ್ಟಿನ ಗುಡಾರವನ್ನು ಬಾಗಿಲ ಕಡೆಯಿಂದ, ಒಂದು ಕಣ್ಣು ಮುಚ್ಚಿ ನೋಡಿ. ನನ್ನ ತ್ರಿಕೋನವೇ ಕಾಣಬೇಕಲ್ಲ?

ಸರೋಜಾ, ಬೆಳಗಾವಿ

ಸಾಹೇಬರೆ, ನೀವು ಪ್ರಶ್ನೆ ತಪ್ಪು ತಿಳಿದಿಲ್ಲ. ನಮ್ಮೆಲ್ಲರಿಗಿಂತ ಚೆನ್ನಾಗಿ ಹಿಡಿದಿದ್ದೀರಿ. ಗಳದ ದಿಕ್ಕಿನಿಂದ ನೋಡಿದರೆ ಮೂರು ರಟ್ಟೂ ಮೂರು ಗೆರೆಯಾಗಿ ಕಾಣುತ್ತವೆ, ನಡುವೆ ತ್ರಿಕೋನ. ಕೊನೆಯ ಅಂಕಿಯನ್ನು 10ರಿಂದ 8ರ ಕಡೆ ಇಳಿಸುತ್ತಾ ಹೋದರೆ ತ್ರಿಕೋನ ಕುಗ್ಗುತ್ತದೆ. ಸರಿಯಾಗಿ 8ಕ್ಕೆ ಚುಕ್ಕೆ ಆಗುತ್ತದೆ. 6ಕ್ಕೆ ಇಳಿದರೆ ಆಚೆ ಕಡೆ ಮತ್ತೆ ತ್ರಿಕೋನ ತೆರೆದುಕೊಳ್ಳುತ್ತದೆ. ಗಿರಿಜಾ, ಎರಡು ಮಾದರಿಯ ನಡುವಿನ ವ್ಯತ್ಯಾಸ ಇದೇ. ಎಡಗಡೆ ಎರಡರಲ್ಲೂ ಒಂದೇ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದರೆ ಎಡಕ್ಕೆ ಸೊನ್ನೆ ಉಳಿಯುತ್ತದೆ. ಬಲಕ್ಕೂ ಸೊನ್ನೆ ಉಳಿದರೆ ಪುಸ್ತಕದ ಬೆನ್ನು. ಬೇರೆ ಏನು ಉಳಿದರೂ ಗುಡಾರ.

ಹೆಸರಿನ ವಿಷಯಕ್ಕೆ ಬರುತ್ತೇನೆ. "ಅಸ್ಥಿರ" ಬೇಡ, ಹುಡುಗ ಅಲ್ಲಾಡಿಸಿದ್ದೇ ಸಾಕ್ಷಿ. "ಅಸಂಗತ" ಅಂದರೆ ಅಸಂಗತ ನಾಟಕ ನೆನಪಾಗುತ್ತದೆ. "ಹೊಂದುವ ಸಮೀಕರಣಗಳು", "ಹೊಂದದ ಸಮೀಕರಣಗಳು" ಅನ್ನಿ. ಹೊಂದಾಣಿಕೆ ಇರುವುದು ಸಮೀಕರಣಗಳ ಮಾತಿನ ನಡುವೆ. ರಟ್ಟುಗಳಿಗೆ ಬೇರೆ ಪದ ಬೇಕಾದರೆ ಬಳಸಿ.

ಬಸವರಾಜ, ಮುಧೋಳ

ಸಮಾಂತರದ ವಿಷಯ ಒಪ್ಪಿದೆ ಮೇಡಂ. ಆದರೆ ಪರೀಕ್ಷೆಯಲ್ಲಿ "ಹೊಂದದ" ಅಂತ ಬರೆದರೆ ಮಾರ್ಕು ಕೊಡ್ತಾರಾ?

ಮಲ್ಲಣ್ಣ, ವಿಜಯಪುರ

"ಹೊಂದದ" ಒಪ್ಪಿದೆ. ಕನ್ನಡ. ಇನ್ನು "ಪರಿಹಾರ"?

ಶಾಂತಾ, ಇಂಡಿ

ಅದನ್ನಂತೂ ಬರೀಬೇಡಿ! ನನ್ನ ತವರು ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೋದವರ ನಡುವೆ ಬೆಳೆದವಳು ನಾನು. ನಮ್ಮ ಕಡೆ ಫ್ಲೆಕ್ಸ್ ಮೇಲೆ "ಪರಿಹಾರ ಇಲ್ಲ" ಅಂತ ಹಾಕಿದರೆ ಜನ ಅರ್ಜಿ ಹಿಡಿದು ಬರುತ್ತಾರೆ. "ಅನಂತ ಪರಿಹಾರ" ಅಂತ ಹಾಕಿದರೆ ಇನ್ನೂ ಜಾಸ್ತಿ ಜನ ಬರುತ್ತಾರೆ.

ಗಿರಿಜಾ, ಜಮಖಂಡಿ

ಶಾಂತಕ್ಕಾ, ನಗು ತಡೆಯೋಕಾಗಲಿಲ್ಲ. ಹಾಗಾದರೆ "ಉತ್ತರ ಇಲ್ಲ" ಅನ್ನಲಾ?

ಸರೋಜಾ, ಬೆಳಗಾವಿ

ಅದೂ ಕಷ್ಟ. "ಯಾವ ಬೆಲೆಯೂ ಒಪ್ಪುವುದಿಲ್ಲ" ಅನ್ನುವುದೇ ಆ ಲೆಕ್ಕದ ಉತ್ತರ. ಉತ್ತರ ಇಲ್ಲ ಅಂದರೆ ಹುಡುಗರು ಪುಟ ಖಾಲಿ ಬಿಡುತ್ತಾರೆ.

ಮಲ್ಲಣ್ಣ, ವಿಜಯಪುರ

"ಸಮತಲ" ಇನ್ನೂ ಉಳಿದಿದೆ. ಮಕ್ಕಳಿಗೆ ಅದು ಸಮತಟ್ಟು ಅಂತಲೇ ಕೇಳುತ್ತದೆ. ಓರೆಯಾಗಿ ನಿಂತ ರಟ್ಟು ಸಮತಲ ಹೇಗೆ ಅಂತ ಯಾರೂ ಕೇಳಲಿಲ್ಲವೆ? "ಹಾಳೆ" ಅನ್ನಿ.

ಸರೋಜಾ, ಬೆಳಗಾವಿ

ಕೇಳುತ್ತಾರೆ, ಪ್ರತಿವರ್ಷ ಕೇಳುತ್ತಾರೆ. ಇದೊಂದರಲ್ಲಿ ನಿಮ್ಮ ಕಡೆ. ಆದರೆ ಹಾಳೆಗೆ ಅಂಚು ಇರುತ್ತದೆ, ಸಮತಲಕ್ಕೆ ಇರುವುದಿಲ್ಲ. ಅಂಚು ಇದೆ ಅಂದುಕೊಂಡರೆ "ರಟ್ಟು ಗಿಡ್ಡ ಆಯ್ತು, ಅದಕ್ಕೇ ಸೇರಿಲ್ಲ" ಅನ್ನುತ್ತಾರೆ. ಅದು ಗುಡಾರದ ವಿಷಯದಲ್ಲಿ ಶುದ್ಧ ತಪ್ಪು. ಎಷ್ಟು ಚಾಚಿದರೂ ಸೇರುವುದಿಲ್ಲ.

ದಸ್ತಗೀರ್, ಗೋಕಾಕ

"ಮಜಕೂರು" ಬಗ್ಗೆ ಒಂದು ಮಾತು, ಮಲ್ಲಣ್ಣನವರೆ. ನಮ್ಮ ತಂದೆ ಅದೇ ಪದ ಬಳಸುತ್ತಿದ್ದರು, ಅವರ ತಂದೆಯೂ. ಅರಬ್ಬಿಯಿಂದ ಹೊರಟು ಮರಾಠಿ ದಾಟಿ ನಮ್ಮ ಮನೆ ಸೇರಿದೆ. ಇಷ್ಟು ನಡೆದು ಬಂದದ್ದಕ್ಕೆ ಕೂರಲು ಚಾಪೆ ಕೊಡಬಾರದೆ?

ಮಲ್ಲಣ್ಣ, ವಿಜಯಪುರ

ಕೂರಲಿ. ನಮ್ಮ ಪದವನ್ನು ಎಬ್ಬಿಸಿ ಕೂರುವುದು ಬೇಡ.

ಗಿರಿಜಾ, ಜಮಖಂಡಿ

ಅಂಗಡಿಗೆ ಹೊರಟೆ. ಕೊನೆಗೆ ಬರೆದದ್ದು ಇದು. ಮೊದಲ ಮಾದರಿಗೆ: "ಹೊಂದುವ ಸಮೀಕರಣಗಳು. ಮೂರು ಸಮತಲಗಳು ಒಂದೇ ಗೆರೆಯಲ್ಲಿ ಸೇರುತ್ತವೆ. ಆ ಗೆರೆಯ ಮೇಲಿನ ಪ್ರತಿ ಬಿಂದುವೂ ಒಪ್ಪುತ್ತದೆ." ಎರಡನೆಯದಕ್ಕೆ: "ಹೊಂದದ ಸಮೀಕರಣಗಳು. ಎರಡೆರಡು ಸೇರುತ್ತವೆ, ಮೂರೂ ಒಟ್ಟಿಗೆ ಎಲ್ಲಿಯೂ ಸೇರುವುದಿಲ್ಲ. ಈ ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ." ಪಕ್ಕದಲ್ಲಿ ಬಾಣದ ಗುರುತು. "ಛೇದಿಸು", "ಕೂಡು" ಎರಡನ್ನೂ ಬಿಟ್ಟೆ, "ಸೇರು" ಹಾಕಿದೆ. "ಸಮತಲ" ಉಳಿಸಿಕೊಂಡೆ, ಮಲ್ಲಣ್ಣ ಸರ್ ಬೈಯಬಹುದು.

ದಸ್ತಗೀರ್ ಸಾಹೇಬರೆ, ನೋಡಿದೆ. ತ್ರಿಕೋನ ಕಾಣಿಸಿತು. ಮೊದಲ ಮಾದರಿಯಲ್ಲೂ ಒಂದು ಸಣ್ಣ ತ್ರಿಕೋನ ಕಾಣುತ್ತಿದೆ, ಸೀಳು ಹಾಕುವಾಗ ಬ್ಲೇಡು ಒಂದೆರಡು ಮಿಲಿಮೀಟರ್ ಜಾರಿದೆ. ಇನ್ನೊಂದು ರಟ್ಟು ಕತ್ತರಿಸಬೇಕು.

ಮಲ್ಲಣ್ಣ, ವಿಜಯಪುರ

"ಸೇರು" ಸರಿ. "ಬಿಂದು"ವಿಗೆ "ಚುಕ್ಕೆ" ಇತ್ತಲ್ಲ?