ಟಿವಿಯಲ್ಲಿ ಕ್ಲೌಡ್ ಗೇಮ್: 100 ಎಂಬಿಪಿಎಸ್ ಇದ್ದರೂ ಗೇಮ್‌ಪ್ಯಾಡ್ ತಡ

ಸುಮಂತ್: ಟಿವಿಯಲ್ಲೇ ಆ್ಯಪ್ ಹಾಕಿ ಕ್ಲೌಡ್ ಗೇಮ್ ಆಡ್ತೀನಿ, ಬ್ಲೂಟೂತ್ ಗೇಮ್‌ಪ್ಯಾಡ್. ನೆಟ್ 100 ಎಂಬಿಪಿಎಸ್, ವೈಫೈ. ಬಟನ್ ಒತ್ತಿದ ಮೇಲೆ ಕ್ಯಾರೆಕ್ಟರ್ ತಡವಾಗಿ ಜಿಗಿಯುತ್ತೆ, ಆಗಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ದೊಡ್ಡ ಪ್ಲಾನ್ ಬೇಕಾ?

ಪ್ರದೀಪ್: 300ಕ್ಕೆ ಹೋಗಿ ಸರ್. ಸ್ಪೀಡ್ ಹೆಚ್ಚಿದಷ್ಟೂ ಲ್ಯಾಗ್ ಕಡಿಮೆ. ಆದ್ರೆ ಟಿವಿಗೆ ಕೇಬಲ್ಲನ್ನೇ ಹಾಕಿ.

ಶ್ರೀಧರ್ (ನೆಟ್‌ವರ್ಕ್ ಎಂಜಿನಿಯರ್): ಕೇಬಲ್ ವಿಷಯದಲ್ಲಿ ಪ್ರದೀಪ್ ಹೇಳಿದ್ದು ಸರಿ, ಪ್ಲಾನ್ ವಿಷಯದಲ್ಲಿ ಅಲ್ಲ. ಜಿಫೋರ್ಸ್ ನೌ ಅನ್ನೋ ಕ್ಲೌಡ್ ಗೇಮ್ ಸೇವೆ 1080ಪಿ, 60 ಫ್ರೇಮ್‌ಗೆ ಕೇಳೋದು 25 ಎಂಬಿಪಿಎಸ್, 720ಪಿಗೆ 15. ನಿಮ್ಮಲ್ಲಿ ಆ 25ರ ನಾಲ್ಕು ಪಟ್ಟು ಇದೆ. ಡೇಟಾ ಮಿತಿ ಇರೋ ಪ್ಲಾನ್ ಆದ್ರೆ ಮಾತ್ರ ಯೋಚಿಸಿ, 25ರಲ್ಲಿ ಗಂಟೆಗೆ ಸುಮಾರು 11 ಜಿಬಿ ಹೋಗುತ್ತೆ.

ಮೊದಲು ತಡ ಎಲ್ಲಿ ಆಗ್ತಿದೆ ಅಂತ ಹಿಡೀಬೇಕು. ಗೇಮ್ ಮುಚ್ಚಿ, ಟಿವಿಯ ಹೋಮ್ ಮೆನುವಿನಲ್ಲಿ ಗೇಮ್‌ಪ್ಯಾಡ್‌ನಿಂದಲೇ ಬೇಗ ಬೇಗ ಅತ್ತಿತ್ತ ಹೋಗಿ ನೋಡಿ. ಅಲ್ಲೂ ಒತ್ತಿದ್ದು ತಪ್ಪಿದರೆ ಬ್ಲೂಟೂತ್ ಮೇಲೆ ಅನುಮಾನ. ಟಿವಿ 2.4 ಗಿಗಾಹರ್ಟ್ಸ್ ವೈಫೈನಲ್ಲಿದ್ರೆ ಬ್ಲೂಟೂತೂ ಅದೇ ತರಂಗಾಂತರದಲ್ಲಿರುತ್ತೆ. ಗೇಮ್ ವಿಡಿಯೋ ಸತತವಾಗಿ ಬರುವಾಗ ಒಂದಕ್ಕೊಂದು ಅಡ್ಡ ಬರುತ್ತೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ಟಿವಿಯನ್ನ ಅದಕ್ಕೇ ಸೇರಿಸಿ, 2.4ರ ಹೆಸರನ್ನ ಟಿವಿಯಿಂದ ಅಳಿಸಿಬಿಡಿ. ಕೇಬಲ್ ಎಳೆಯೋಕೆ ಆದ್ರೆ ಇನ್ನೂ ಒಳ್ಳೇದು. ಎಷ್ಟೋ ಟಿವಿಗಳ ಕೇಬಲ್ ಪೋರ್ಟ್ 100ರದ್ದೇ, ಇದಕ್ಕೆ ಧಾರಾಳ ಸಾಕು. ಬ್ಲೂಟೂತ್ ಹೆಡ್‌ಫೋನ್ ಕೂಡ ಟಿವಿಗೆ ಸೇರಿದ್ರೆ ತೆಗೆದು ನೋಡಿ.

ಮೆನು ಚುರುಕಾಗಿದ್ದು ಗೇಮ್‌ನಲ್ಲಿ ಮಾತ್ರ ತಡ ಅಂದ್ರೆ, ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಚಲನೆಯನ್ನ ನಯ ಮಾಡೋ ಆಯ್ಕೆ ಪ್ರತಿ ಫ್ರೇಮನ್ನೂ ತಡೆದು ಹಿಡಿಯುತ್ತೆ, ಅದನ್ನ ಆಫ್ ಮಾಡಿ.

ರೇಖಾ: ನನ್ನ ಎಕ್ಸ್‌ಬಾಕ್ಸ್ ಗೇಮ್‌ಪ್ಯಾಡ್ ಟಿವಿಯ ಲಿಸ್ಟಲ್ಲೇ ಬರಲ್ಲ. ಇದೂ ವೈಫೈ ತೊಂದರೆನಾ?

ಶ್ರೀಧರ್: ಅಲ್ಲ ಮೇಡಂ. ಹಳೇ ಎಕ್ಸ್‌ಬಾಕ್ಸ್ ಒನ್ ಗೇಮ್‌ಪ್ಯಾಡ್‌ಗಳಲ್ಲಿ ಬ್ಲೂಟೂತೇ ಇರಲಿಲ್ಲ. ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ಮೇಲಿನ ಬಂಪರ್ ಬಟನ್‌ಗಳ ಜೊತೆ ಒಂದೇ ತುಂಡಾಗಿದ್ರೆ ಅದು ಹಳೇದು. ಮುಂಭಾಗದ ಜೊತೆ ಒಂದೇ ತುಂಡಾಗಿದ್ರೆ ಬ್ಲೂಟೂತ್ ಇದೆ. ಆಗ ಮೇಲಂಚಿನ ಚಿಕ್ಕ ಪೇರ್ ಬಟನ್ನನ್ನ ದೀಪ ಬೇಗ ಬೇಗ ಮಿನುಗೋವರೆಗೆ ಒತ್ತಿ ಹಿಡೀರಿ. ಮೊದಲು ಫೋನ್‌ಗೆ ಸೇರಿಸಿದ್ರೆ ಫೋನಿನ ಬ್ಲೂಟೂತ್ ಆಫ್ ಮಾಡಿ.

ಸುಮಂತ್: 5ಕ್ಕೆ ಬದಲಾಯಿಸಿದೆ ಸರ್, ಮೆನು ಸರಿಹೋಯ್ತು. ಗೇಮ್ ಮೋಡೂ ಹಾಕಿದೆ. ಆದ್ರೆ ಮನೇಲಿ ಯಾರಾದ್ರೂ ಫೋನಿಂದ ವಿಡಿಯೋ ಅಪ್‌ಲೋಡ್ ಮಾಡಿದ್ರೆ ಪಿಂಗ್ 30ರಿಂದ 180 ಮಿಲಿಸೆಕೆಂಡಿಗೆ ಹಾರುತ್ತೆ.

ಶ್ರೀಧರ್: ಅಪ್‌ಲೋಡ್ ತುಂಬಿದಾಗ ನಿಮ್ಮ ಬಟನ್ ಸಂದೇಶವೂ ರೌಟರ್‌ನ ಸಾಲಲ್ಲಿ ಕಾಯುತ್ತೆ. ಜಿಫೋರ್ಸ್ ನೌಗೆ ಪಿಂಗ್, ಅಂದ್ರೆ ಸಂದೇಶ ಸರ್ವರ್‌ವರೆಗೆ ಹೋಗಿ ಬರೋ ಸಮಯ, 80ರೊಳಗೆ ಬೇಕು, 40ರೊಳಗಿದ್ರೆ ಒಳ್ಳೇದು. ರೌಟರ್‌ನಲ್ಲಿ ಯಾವ ಸಂದೇಶ ಮೊದಲು ಹೋಗಬೇಕು ಅಂತ ನಿಯಂತ್ರಿಸೋ ಕ್ಯೂಓಎಸ್ ಇದ್ರೆ ಅಪ್‌ಲೋಡ್ ಮಿತಿಯನ್ನ ಅಳೆದ ವೇಗದ ಶೇ. 85ರಷ್ಟಕ್ಕೆ ಇಟ್ಟು ನೋಡಿ.

ಪ್ರದೀಪ್: ದೊಡ್ಡ ಪ್ಲಾನ್‌ನಲ್ಲಿ ಅಪ್‌ಲೋಡೂ ಹೆಚ್ಚುತ್ತಲ್ಲ, ಆಗ ಈ ಸಾಲು ಬೇಗ ಕರಗಲ್ವಾ?

ಶ್ರೀಧರ್: ಅಪ್‌ಲೋಡ್ ನಿಜಕ್ಕೂ ಹೆಚ್ಚಿದ್ರೆ ಸ್ವಲ್ಪ ಕರಗುತ್ತೆ, ಒಪ್ತೀನಿ. ಆದ್ರೆ ದೊಡ್ಡ ವಿಡಿಯೋ ಅದನ್ನೂ ತುಂಬಿಸುತ್ತೆ. ಸುಮಂತ್, ಮೊದಲು ಮಿತಿ ಹಾಕಿ ಪಿಂಗ್ ಎಷ್ಟಕ್ಕೆ ಇಳೀತು ಹೇಳಿ.