ಪದಚರ್ಚೆ: ‘ಉದ್ದ ವಿಡಿಯೊ’ ಮತ್ತು ‘ಚೌಕಟ್ಟಿನ ದರ’

ಮಾನ್ಯರೆ,

ನಮ್ಮ ಊರಿನ ಗ್ರಂಥಾಲಯದ ಕೋಣೆಯಲ್ಲಿ ಆರು ಮಂದಿ ಹೆಂಗಸರು ಸಾಲಾಗಿ ಕುಳಿತು ಹಾಡುವ ಸೋಬಾನೆ ಪದಗಳನ್ನು ಕೆಲವು ಯುವಕರು ಮೊಬೈಲಿನಲ್ಲಿ ಚಿತ್ರಿಸುತ್ತಿದ್ದಾರೆ. ಪೂರ್ತಿ ಹಾಡು ಯೂಟ್ಯೂಬಿಗೂ ಒಂದೆರಡು ನುಡಿಗಳ ತುಣುಕು ರೀಲ್ಸಿಗೂ ಹೋಗುತ್ತದೆ. ಅವರಿಗೆ ಬರೆದುಕೊಟ್ಟ ಸೂಚನೆಯಲ್ಲಿ ನಾನು “ಯೂಟ್ಯೂಬಿಗೆ ಅಡ್ಡ ವಿಡಿಯೊ, ರೀಲ್ಸಿಗೆ ಉದ್ದ ವಿಡಿಯೊ, ಚೌಕಟ್ಟಿನ ದರ 25 ಇರಲಿ” ಎಂದಿದ್ದೆ. “ರೀಲ್ಸಿಗೆ ಚಿಕ್ಕದಲ್ಲವೇ ಬೇಕಾದದ್ದು, ಉದ್ದ ಯಾಕೆ?” ಎಂದು ಒಬ್ಬ ಹುಡುಗ ಕೇಳಿದ. ಇನ್ನೊಬ್ಬ ಚೌಕಟ್ಟೆಂದರೆ ಪರದೆಯ ಅಂಚೆಂದು ತಿಳಿದು, 25 ಅನ್ನು ಎಲ್ಲಿ ಹಾಕಬೇಕೆಂದು ತೋಚದೆ ಫೋನಿನಲ್ಲಿದ್ದ 30ರಲ್ಲೇ ಚಿತ್ರಿಸಿದ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತೆಗೆದ ಆ ವಿಡಿಯೊದಲ್ಲಿ ಹಿಂದಿನ ಬಿಳಿ ಗೋಡೆಯ ಮೇಲೆ ನಸುಗಪ್ಪು ಪಟ್ಟಿಗಳು ಹರಿದಾಡುತ್ತಿವೆ. ‘ಉದ್ದ’ ಎಂದು ನಾನು ಹೇಳಿದ್ದು ಫೋನನ್ನು ನಿಲ್ಲಿಸಿ ಹಿಡಿದು ತೆಗೆದ ವಿಡಿಯೊವನ್ನು; ‘ಚೌಕಟ್ಟಿನ ದರ’ ಎಂದದ್ದು ಫ್ರೇಮ್ ರೇಟನ್ನು, ಅಂದರೆ ವಿಡಿಯೊದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರಗಳಿರುತ್ತವೆ ಎಂಬುದನ್ನು. ಈ ಎರಡು ಪದಗಳಿಗೆ ತಪ್ಪು ಅರ್ಥ ಕೊಡದ ಬದಲಿ ಪದಗಳು ಯಾವುವು?

ಉತ್ತರ 1

‘ಉದ್ದ’ ಅಳತೆಯನ್ನೂ ಹೇಳುತ್ತದೆ, ಹೊತ್ತನ್ನೂ ಹೇಳುತ್ತದೆ. ಆದ್ದರಿಂದ ಗೊಂದಲ ಸಹಜ. ಗಣಿತದ ಪಾಠಗಳಲ್ಲಿ ‘ಲಂಬ’ ಇರುವುದರಿಂದ ‘ಲಂಬ ವಿಡಿಯೊ’ ಎನ್ನಬಹುದು. ಪಟ್ಟಿಗಳ ವಿಷಯಕ್ಕೆ ಬಂದರೆ, ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ 25ರಲ್ಲಿ ತೆಗೆದರೆ ಅವು ತಾವಾಗಿಯೇ ಹೋಗುತ್ತವೆ.

ಉತ್ತರ 2

ನಮ್ಮ ಮನೆಯಲ್ಲಿಯೂ ಇದೇ ತೊಂದರೆಯಾಗಿತ್ತು. ಜರ್ಮನಿಯಲ್ಲಿರುವ ಮಗ ಮೊಮ್ಮಗಳ ನಾಮಕರಣದ ವಿಡಿಯೊ ಕಳುಹಿಸಿದ್ದ. ಟಿವಿಯಲ್ಲಿ ಹಾಕಿದರೆ ಎರಡು ಬದಿಗೂ ದಪ್ಪ ಕಪ್ಪು ಪಟ್ಟಿ, ನಡುವೆ ಕಿರಿದಾದ ಚಿತ್ರ. ಟಿವಿ ಕೆಟ್ಟಿದೆಯೆಂದುಕೊಂಡೆವು.

ಉತ್ತರ 3

ನಾನು ಮದುವೆ, ಸಭೆಗಳನ್ನು ಚಿತ್ರಿಸುವವನು. ನಾಮಕರಣದ ವಿಡಿಯೊದ ಪಟ್ಟಿ ಬೇರೆ: ಫೋನನ್ನು ನಿಲ್ಲಿಸಿ ಹಿಡಿದು ತೆಗೆದದ್ದನ್ನು ಅಡ್ಡ ಪರದೆಯಲ್ಲಿ ನೋಡಿದಾಗ ಉಳಿಯುವ ಖಾಲಿ ಜಾಗ ಅದು. ಗೋಡೆಯ ಮೇಲೆ ಹರಿದಾಡಿದ್ದು ದೀಪದ ಮಿಣುಕು.

ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ನಮ್ಮಲ್ಲಿ ಸೆಕೆಂಡಿಗೆ 100 ಸಲ ಹೆಚ್ಚಿ ತಗ್ಗುತ್ತದೆ. ಒಂದೊಂದು ಫ್ರೇಮಿಗೂ ಸೆನ್ಸರು ಬೆಳಕನ್ನು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನು, ಅಂದರೆ ಶಟರನ್ನು, 1/50 ಅಥವಾ 1/100ಕ್ಕೆ ನಿಲ್ಲಿಸಿದರೆ ಪ್ರತಿ ಫ್ರೇಮಿಗೂ ಇಡಿಯ ಮಿಣುಕುಗಳೇ ಸಿಗುವುದರಿಂದ ಪಟ್ಟಿ ಕಾಣುವುದಿಲ್ಲ. 1/60ರಲ್ಲಿ ಒಂದೂಮುಕ್ಕಾಲಕ್ಕೆ ಸ್ವಲ್ಪ ಕಡಿಮೆ ಮಿಣುಕು ಸಿಗುತ್ತದೆ. ಆ ಅರೆಕೊರೆಯೇ ಪಟ್ಟಿಯಾಗಿ ಹರಿಯುತ್ತದೆ. ಆದ್ದರಿಂದ ಮೊದಲ ಉತ್ತರದ ಮಾತು ಅರ್ಧ ಸರಿ. 25 ಇಟ್ಟೂ ಫೋನು ತಾನಾಗಿ 1/120 ಆರಿಸಿಕೊಂಡರೆ ಪಟ್ಟಿ ಬರಬಹುದು. 30ರಲ್ಲಿದ್ದೂ ಶಟರು 1/50 ಆಗಿದ್ದರೆ ಬರುವುದಿಲ್ಲ. 60ರಲ್ಲಿ ಮಾತ್ರ 1/50 ಸಾಧ್ಯವಿಲ್ಲ, ಏಕೆಂದರೆ ಒಂದು ಫ್ರೇಮಿನ ಆಯುಸ್ಸೇ 1/60 ಸೆಕೆಂಡು. ಅಲ್ಲಿ 1/100 ಬೇಕು. ಕೆಲವು ಅಗ್ಗದ ಎಲ್ಇಡಿಗಳು ತಮ್ಮದೇ ವೇಗದಲ್ಲಿ ಮಿಣುಕುವುದರಿಂದ ಅವುಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ. ಹಾಡು ಶುರುವಾಗುವ ಮುಂಚೆ ಬಿಳಿ ಗೋಡೆಗೆ ಹಿಡಿದು ಹತ್ತು ಸೆಕೆಂಡು ತೆಗೆದು ನೋಡಿದರೆ ತಿಳಿಯುತ್ತದೆ.

ಐಫೋನಿನಲ್ಲಿ 25 ಕಾಣದಿದ್ದರೆ ಸೆಟ್ಟಿಂಗ್ಸಿನ ಕ್ಯಾಮೆರಾ ವಿಭಾಗದಲ್ಲಿ `Show PAL Formats` ಎಂಬುದನ್ನು ಆನ್ ಮಾಡಬೇಕು. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ 30, 60 ಮಾತ್ರ ಇರುತ್ತವೆ. ಪ್ರೊ ಮೋಡಿನಲ್ಲಿ ಶಟರು ಬದಲಿಸಲು ಬಂದರೆ 30 ಸಾಕು, ಯೂಟ್ಯೂಬೂ ರೀಲ್ಸೂ ಅದನ್ನು ತೆಗೆದುಕೊಳ್ಳುತ್ತವೆ.

ಒಂದೇ ಫೋನಿನಿಂದ ಎರಡೂ ಕಡೆಗೆ ಬೇಕಾದರೆ 4ಕೆಯಲ್ಲಿ ಅಡ್ಡ ಹಿಡಿದು ತೆಗೆಯಿರಿ. 3840×2160ರ ಚಿತ್ರದಿಂದ ನಿಂತ ತುಣುಕನ್ನು ಕತ್ತರಿಸಿದರೆ 1215 ಪಿಕ್ಸೆಲ್ ಅಗಲ ಉಳಿಯುತ್ತದೆ, ರೀಲ್ಸಿನ 1080ಕ್ಕೆ ಸಾಕು. 1920×1080ರಲ್ಲಿ ತೆಗೆದದ್ದಾದರೆ 608ರ ಆಸುಪಾಸು ಮಾತ್ರ ಉಳಿದು ಮುಖಗಳು ಮಸುಕಾಗುತ್ತವೆ. ಆದರೂ ಆರು ಮಂದಿಯ ಸಾಲಿನಲ್ಲಿ ಇಬ್ಬರೇ ಆ ತುಣುಕಿನೊಳಗೆ ಸಿಗುತ್ತಾರೆ. ಪದ ಹೇಳಿಕೊಡುವವರನ್ನು ಸಾಲಿನ ನಡುವೆ ಕೂರಿಸಿದರೆ ಒಳ್ಳೆಯದು.

ಪದದ ಬಗ್ಗೆ ಹೇಳುವುದಾದರೆ, ನಮ್ಮ ಹುಡುಗರು “ಅಡ್ಡ ಹಿಡಿ, ನಿಲ್ಲಿಸಿ ಹಿಡಿ” ಎನ್ನುತ್ತಾರೆ. ಅಲ್ಲಿ ಯಾರೂ ತಪ್ಪುವುದಿಲ್ಲ.

ಉತ್ತರ 4

‘ನಿಲುವುಗನ್ನಡಿ’ ಎಂಬ ಪದ ನಮ್ಮಲ್ಲಿದೆ. ಅದೇ ದಾರಿಯಲ್ಲಿ ‘ನಿಲುವು ವಿಡಿಯೊ’ ಆಗಬಹುದಿತ್ತು. ಆದರೆ ಇಂದು ‘ನಿಲುವು’ ಎಂದರೆ ಅಭಿಪ್ರಾಯವೆಂದೇ ಮೊದಲು ಹೊಳೆಯುತ್ತದೆ. ಪಕ್ಷದ ನಿಲುವಿನ ವಿಡಿಯೊ ಎಂದು ಓದಿಕೊಂಡಾರು. ‘ಚೌಕಟ್ಟು’ ಪದವನ್ನು ಅಂಚಿಗೇ ಮೀಸಲಿಡಬೇಕು. ಅಂಚಿಗೂ ಒಂದೊಂದು ಬಿಡಿಚಿತ್ರಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿದೆಯೆಂದು ಕನ್ನಡದಲ್ಲಿಯೂ ಒಂದೇ ಇರಬೇಕಾಗಿಲ್ಲ.

ಮೊದಲು ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಸೂಚನೆಯನ್ನು ಹೀಗೆ ತಿದ್ದಿದ್ದೇನೆ: “ಫೋನನ್ನು ಅಡ್ಡ ಹಿಡಿದು 4ಕೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ, ಅದಿಲ್ಲದಿದ್ದರೆ 30ರಂತೆ ತೆಗೆಯಿರಿ; ಶಟರು 1/50 ಇರಲಿ. ರೀಲ್ಸಿಗೆ ನಿಂತ ತುಣುಕನ್ನು ಆಮೇಲೆ ಕತ್ತರಿಸಿರಿ.” ಇಲ್ಲಿ ‘ದರ’ ಬೇಕಾಗಲೇ ಇಲ್ಲ. ಆದರೆ ‘ಫ್ರೇಮು’ ಹಾಗೆಯೇ ಉಳಿದಿದೆ. ‘ಬಿಡಿಚಿತ್ರ’ ಎಂದು ಬರೆದರೆ ಆ ಹುಡುಗರು ಫೋಟೊ ಎಂದುಕೊಳ್ಳುತ್ತಾರೆಯೇ ಎಂದು ಭಾನುವಾರ ಅವರನ್ನೇ ಕೇಳಿ ತಿಳಿಸುತ್ತೇನೆ.